ಹಲ್ಲಿನ ಮೇಲಿನ ಬಿಳಿ ಕಲೆ: ತೂತು ಬೀಳುವ ಮುಂಚೆ ಒಳಗೆ ನಡೆಯುವುದೇನು?

ಹಲ್ಲು ಹುಳುಕಾಗಿದೆ ಅಂತ ನಮಗೆ ಯಾವಾಗ ಗೊತ್ತಾಗುತ್ತದೆ? ಕನ್ನಡಿಯಲ್ಲಿ ಕಪ್ಪು ತೂತು ಕಂಡಾಗ. ಇಲ್ಲವೇ ತಣ್ಣೀರು ಕುಡಿದಾಗ ಜುಮ್ ಅಂದಾಗ. ಅಷ್ಟು ಹೊತ್ತಿಗೆ ಆ ಜಾಗದಲ್ಲಿ ಕೆಲಸ ಶುರುವಾಗಿ ಎಷ್ಟೋ ತಿಂಗಳಾಗಿರುತ್ತದೆ, ದೊಡ್ಡವರಲ್ಲಿ ಕೆಲವು ಸಲ ವರ್ಷಗಳೇ ಆಗಿರುತ್ತವೆ. ಇವತ್ತಿನ ಈ ಸಭೆಯಲ್ಲಿ ನಾನು ಫಿಲ್ಲಿಂಗ್ ಬಗ್ಗೆ ಮಾತಾಡುವುದಿಲ್ಲ, ರೂಟ್ ಕೆನಾಲ್ ಬಗ್ಗೆಯೂ ಇಲ್ಲ. ಅದಕ್ಕೂ ಮುಂಚಿನ ಒಂದೇ ಒಂದು ಹಂತದ ಬಗ್ಗೆ ಮಾತಾಡುತ್ತೇನೆ. ಆ ಹಂತದಲ್ಲಿ ನೋವಿಲ್ಲ, ತೂತಿಲ್ಲ, ಹಲ್ಲಿನ ಮೇಲೆ ಒಂದು ಬಿಳಿ ಕಲೆ ಇರುತ್ತದೆ ಅಷ್ಟೇ. ಹುಳುಕಿನ ಇಡೀ ದಾರಿಯಲ್ಲಿ ಡ್ರಿಲ್ ಇಲ್ಲದೆ ಹಿಂದಕ್ಕೆ ತಿರುಗಬಹುದಾದ ಜಾಗ ಅದೊಂದೇ.

ಮೊದಲು ಹಲ್ಲಿನ ಹೊರಪದರ ನೋಡೋಣ. ಇದಕ್ಕೆ ಎನಾಮೆಲ್ ಅಂತಾರೆ. ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇಲ್ಲ. ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜ, ಉಳಿದದ್ದು ನೀರು ಮತ್ತು ಒಂದಿಷ್ಟು ಪ್ರೋಟೀನ್. ಆ ಖನಿಜ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹರಳು, ಹೆಸರು ಹೈಡ್ರಾಕ್ಸಿಅಪಟೈಟ್. ಈ ಹರಳುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿವೆ, ಅವುಗಳಲ್ಲಿ ನೀರಿದೆ. ಆ ಸಂದುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲಾ ನಡೆಯುವುದು ಅಲ್ಲೇ. ಇನ್ನೊಂದು ವಿಷಯ, ಎನಾಮೆಲ್‌ನಲ್ಲಿ ಜೀವಕೋಶ ಇಲ್ಲ. ಮೂಳೆ ಮುರಿದರೆ ಮತ್ತೆ ಕೂಡಿಕೊಳ್ಳುತ್ತದೆ, ಚರ್ಮ ಕೊಯ್ದರೆ ಮತ್ತೆ ಬೆಳೆಯುತ್ತದೆ. ಎನಾಮೆಲನ್ನು ಕಟ್ಟಿದ ಕೋಶಗಳು ಹಲ್ಲು ಬಾಯಿಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಹಾಗಾಗಿ ಮುರಿದು ಬಿದ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಯಾವ ಪೇಸ್ಟ್ ಜಾಹೀರಾತು ಏನೇ ಹೇಳಲಿ, ಬೆಳೆಯುವುದಿಲ್ಲ. ಆದರೆ ಹರಳು ಪೂರ್ತಿ ಹೋಗದೆ ಸವೆದು ತೆಳ್ಳಗಾಗಿದ್ದರೆ, ಅದರ ಮೇಲೆ ಮತ್ತೆ ಖನಿಜ ಕೂರಬಹುದು. ಇದಕ್ಕೆ ಜೀವಕೋಶ ಬೇಕಾಗಿಲ್ಲ, ಸುಮ್ನೆ ರಸಾಯನಶಾಸ್ತ್ರ ಸಾಕು.

ಈಗ ಆಸಿಡ್ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ. ಸಕ್ಕರೆ ನೇರವಾಗಿ ಹಲ್ಲನ್ನು ಕರಗಿಸುವುದಿಲ್ಲ. ಹಲ್ಲಿನ ಮೇಲೆ ಬೆರಳಾಡಿಸಿದರೆ ಮೆತ್ತಗೆ, ಜಿಗುಟಾಗಿ ಸಿಗುತ್ತದಲ್ವಾ, ಅದು ಪ್ಲಾಕ್. ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಅಂಟಿನೊಳಗೆ ಒತ್ತೊತ್ತಾಗಿ ಕೂತ ಪದರ ಅದು. ಅದರಲ್ಲಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್, ಲ್ಯಾಕ್ಟೋಬ್ಯಾಸಿಲಸ್ ಮುಂತಾದವುಗಳಿಗೆ ಸಕ್ಕರೆ ಸಿಕ್ಕಿತು ಅಂದರೆ ಅದನ್ನು ತಿಂದು ಲ್ಯಾಕ್ಟಿಕ್ ಆಸಿಡ್ ಬಿಡುತ್ತವೆ. ಸಕ್ಕರೆ ಅಂದರೆ ಬರೀ ಮಿಠಾಯಿ ಅಂತ ತಿಳಿಯಬೇಡಿ. ಬೆಲ್ಲ, ಜೇನು, ಹಣ್ಣಿನ ರಸ ಎಲ್ಲವೂ ಆಗುತ್ತದೆ. ಬಿಸ್ಕತ್ತಿನ ಹಿಟ್ಟು ಹಲ್ಲಿಗೆ ಅಂಟಿಕೊಂಡರೆ ಅದೂ ಆಗುತ್ತದೆ. ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು ಅಂತ ಮಗುವಿನ ಹಾಲಿಗೆ ಬೆಲ್ಲ ಹಾಕುತ್ತೇವೆ ಅನ್ನುವವರು ತುಂಬಾ ಜನ ಸಿಗುತ್ತಾರೆ. ಬ್ಯಾಕ್ಟೀರಿಯಾಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ.

1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅನ್ನುವವರು ಅಮೆರಿಕದಲ್ಲಿ ಒಂದು ಸರಳ ಕೆಲಸ ಮಾಡಿದರು. ಜನರಿಗೆ ಗ್ಲೂಕೋಸ್ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಪ್ಲಾಕ್‌ನ ಪಿಎಚ್ ಅಳೆಯುತ್ತಾ ಹೋದರು. ಪಿಎಚ್ ಅಂದರೆ ಹುಳಿಯ ಅಳತೆ. ಏಳು ಅಂದರೆ ಶುದ್ಧ ನೀರು, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿತು ಅಂತ ಲೆಕ್ಕ. ಅವರು ಕಂಡದ್ದು ಇಷ್ಟು: ಸಕ್ಕರೆ ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಪ್ಲಾಕ್‌ನ ಪಿಎಚ್ ದಿಢೀರನೆ ಐದರ ಹತ್ತಿರಕ್ಕೆ ಬೀಳುತ್ತದೆ, ಆಮೇಲೆ ನಿಧಾನಕ್ಕೆ ಮೇಲೇರಿ ಮೊದಲಿನ ಜಾಗಕ್ಕೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ಇಳಿಯುವುದು ಬೇಗ, ಏರುವುದು ತಡ. ದಂತವೈದ್ಯ ಓದುವ ಎಲ್ಲರೂ ಈ ಗೆರೆಯನ್ನು ಪರೀಕ್ಷೆಯಲ್ಲಿ ಬರೆದೇ ಬರೆದಿರುತ್ತಾರೆ.

ಎನಾಮೆಲ್‌ಗೆ ಅಪಾಯದ ಗಡಿ ಸುಮಾರು 5.5. ಈ ಅಂಕಿ ಕಲ್ಲಿನ ಮೇಲೆ ಬರೆದದ್ದಲ್ಲ. ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎಷ್ಟಿದೆ ಅನ್ನುವುದರ ಮೇಲೆ ಆಚೀಚೆ ಆಗುತ್ತದೆ, ಒಬ್ಬರಿಂದ ಒಬ್ಬರಿಗೂ ಬೇರೆಯಾಗುತ್ತದೆ. ಯಾಕೆ ಹಾಗೆ? ನಮ್ಮ ಜೊಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಬೇಕಾದ್ದಕ್ಕಿಂತ ಜಾಸ್ತಿಯೇ ಕರಗಿವೆ. ಅಷ್ಟು ಇರುವಾಗ ಹಲ್ಲಿನ ಹರಳು ಕರಗಬೇಕಾದ ಅಗತ್ಯವೇ ಇಲ್ಲ. ಆಸಿಡ್ ಬಂದಾಗ ಅದು ಆ ಫಾಸ್ಫೇಟನ್ನು ಹಿಡಿದುಕೊಂಡು ಬೇರೆ ರೂಪಕ್ಕೆ ತಿರುಗಿಸುತ್ತದೆ. ಈಗ ದ್ರವಕ್ಕೆ ಫಾಸ್ಫೇಟ್ ಕೊರತೆ. ಆ ಕೊರತೆ ತುಂಬಲು ಹರಳು ಕರಗುತ್ತದೆ. ಪಿಎಚ್ ಮೇಲೆ ಬಂದ ಮೇಲೆ ಇದೇ ಆಟ ತಿರುಗುಮುರುಗಾಗಿ ಖನಿಜ ವಾಪಸ್ ಕೂರುತ್ತದೆ. ನೀವು ಇಲ್ಲಿ ಕೂತಿರುವಾಗಲೂ ನಿಮ್ಮ ಹಲ್ಲುಗಳಲ್ಲಿ ಇದು ನಡೆಯುತ್ತಲೇ ಇದೆ.

ಒಂದು ಸಣ್ಣ ಅಡ್ಡಮಾತು. ಜೊಲ್ಲಿನಲ್ಲಿ ಅಷ್ಟೊಂದು ಖನಿಜ ಇದ್ದರೆ ಹಲ್ಲು ದಿನದಿಂದ ದಿನಕ್ಕೆ ದಪ್ಪ ಆಗಬೇಕಲ್ವಾ? ಆಗುವುದಿಲ್ಲ, ಯಾಕೆಂದರೆ ಜೊಲ್ಲಿನಲ್ಲಿ ಸ್ಟ್ಯಾಥರಿನ್ ಎಂಬಂಥ ಪ್ರೋಟೀನ್‌ಗಳಿವೆ, ಅವು ಕಂಡಕಂಡಲ್ಲಿ ಹರಳು ಕಟ್ಟದಂತೆ ತಡೆಯುತ್ತವೆ. ಆದರೆ ಹಳೆಯ ಪ್ಲಾಕ್ ಒಳಗೆ ಆ ತಡೆ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಖನಿಜ ಕೂತು ಗಟ್ಟಿಯಾಗುವುದೇ ಹಲ್ಲಿನ ಕಿಟ್ಟ. ಕೆಳಗಿನ ಮುಂಭಾಗದ ಹಲ್ಲುಗಳ ಹಿಂದೆ ನಾಲಿಗೆ ತಾಗಿಸಿ ನೋಡಿ, ಕಿಟ್ಟ ಹೆಚ್ಚು ಕಟ್ಟುವುದು ಅಲ್ಲೇ, ಯಾಕೆಂದರೆ ಜೊಲ್ಲಿನ ನಾಳ ತೆರೆಯುವುದು ಅಲ್ಲಿಯೇ. ಮಜಾ ಏನೆಂದರೆ ಬಾಯಿಯಲ್ಲಿ ಹುಳುಕು ಅತಿ ಕಡಿಮೆ ಬರುವ ಹಲ್ಲುಗಳೂ ಅವೇ.

ಸರಿ, ಈಗ ಒಂದು ದಿನದ ಲೆಕ್ಕ ಹಾಕೋಣ. ಒಬ್ಬರು ಬೆಳಗ್ಗೆ ಆರೂವರೆಗೆ ಸಕ್ಕರೆ ಹಾಕಿದ ಕಾಫಿ ಕುಡಿಯುತ್ತಾರೆ, ಎಂಟೂವರೆಗೆ ತಿಂಡಿ, ಹನ್ನೊಂದಕ್ಕೆ ಟೀ ಜೊತೆ ಬಿಸ್ಕತ್ತು, ಒಂದೂವರೆಗೆ ಊಟ, ನಾಲ್ಕಕ್ಕೆ ಬೈಟು ಕಾಫಿ, ಆರಕ್ಕೆ ಮತ್ತೊಂದು ಟೀ, ಒಂಬತ್ತಕ್ಕೆ ಊಟ. ಏಳು ಸಲ. ಒಂದೊಂದಕ್ಕೂ ಮುಕ್ಕಾಲು ಗಂಟೆ ಹುಳಿ ಅಂತ ಹಿಡಿದರೂ ಐದು ಗಂಟೆ ಚಿಲ್ಲರೆ ಆಯಿತು. ಉಳಿದ ಸುಮಾರು ಹತ್ತೊಂಬತ್ತು ಗಂಟೆ ರಿಪೇರಿಗೆ ಸಿಗುತ್ತದೆ, ಬಹಳ ಜನರಿಗೆ ಇದು ಸಾಲುತ್ತದೆ. ಇನ್ನೊಬ್ಬರು ಇಷ್ಟೇ ಸಕ್ಕರೆಯನ್ನು ಒಂದು ಫ್ಲಾಸ್ಕ್ ಟೀಗೆ ಹಾಕಿಕೊಂಡು ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಇಪ್ಪತ್ತು ನಿಮಿಷಕ್ಕೊಂದು ಗುಟುಕು ಕುಡಿಯುತ್ತಾರೆ. ಇವರಿಗೆ ಪಿಎಚ್ ಮೇಲೇರಲು ಬಿಡುವೇ ಇಲ್ಲ, ಒಂಬತ್ತು ಗಂಟೆ ಪೂರ್ತಿ ಗಡಿಯ ಕೆಳಗೆ ಅಥವಾ ಗಡಿಯ ಹತ್ತಿರ. ಸಕ್ಕರೆಯ ತೂಕ ಒಂದೇ, ಹಲ್ಲಿಗೆ ಬಿದ್ದ ಪೆಟ್ಟು ಬೇರೆ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಗುವಿನದು ಇನ್ನೂ ಕಷ್ಟ, ಯಾಕೆಂದರೆ ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹುತೇಕ ನಿಂತೇ ಹೋಗುತ್ತದೆ. ತೊಳೆಯುವವರು ಯಾರೂ ಇಲ್ಲ. ಅದರ ಮೇಲೆ ಹಾಲುಹಲ್ಲಿನ ಎನಾಮೆಲ್ ದೊಡ್ಡವರ ಹಲ್ಲಿನದರ ಅರ್ಧದಷ್ಟು ಮಾತ್ರ ದಪ್ಪ.

ಕಳೆದದ್ದು ಜಾಸ್ತಿ, ಸೇರಿದ್ದು ಕಡಿಮೆ ಅಂತ ವಾರಗಟ್ಟಲೆ ಆದರೆ ಏನಾಗುತ್ತದೆ? ಹಲ್ಲಿನ ಮೇಲ್ಮೈ ಮೊದಲು ಕರಗುತ್ತದೆ, ಗುಂಡಿ ಬೀಳುತ್ತದೆ, ಗುಂಡಿ ಆಳವಾಗುತ್ತದೆ ಅಂತ ನಾವು ಊಹಿಸುತ್ತೇವೆ. ಹಾಗಾಗುವುದಿಲ್ಲ. ಮೇಲ್ಮೈ ಹೆಚ್ಚೂ ಕಡಿಮೆ ಹಾಗೇ ಉಳಿದು, ಅದರ ಕೆಳಗೆ ಪೊಳ್ಳಾಗುತ್ತದೆ! ಹೊರಗಿನ ಸುಮಾರು 20ರಿಂದ 50 ಮೈಕ್ರಾನ್ ಪದರ, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ, ಗಟ್ಟಿಯಾಗಿ ನಿಂತಿರುತ್ತದೆ. ಅದರ ಕೆಳಗಿನ ಭಾಗ ಖನಿಜದ ಕಾಲು ಭಾಗವನ್ನೋ ಇನ್ನೂ ಹೆಚ್ಚನ್ನೋ ಕಳೆದುಕೊಂಡಿರುತ್ತದೆ. ಕಾರಣ ಹೀಗೆ. ಆಸಿಡ್ ಆ ಸಣ್ಣ ಸಂದುಗಳ ಮೂಲಕ ಒಳಗೆ ಇಳಿದು ಅಲ್ಲಿನ ಹರಳನ್ನು ಕರಗಿಸುತ್ತದೆ. ಕರಗಿದ ಕ್ಯಾಲ್ಸಿಯಂ, ಫಾಸ್ಫೇಟ್ ಹೊರಗೆ ಬರುವ ದಾರಿಯಲ್ಲಿ ಮೇಲ್ಪದರ ಸಿಗುತ್ತದೆ. ಅಲ್ಲಿ ಪ್ಲಾಕ್‌ನ ದ್ರವದಲ್ಲಿ ಖನಿಜವೂ ಇದೆ, ಚೂರುಪಾರು ಫ್ಲೋರೈಡೂ ಇದೆ. ಹೊರಟ ಖನಿಜದಲ್ಲಿ ಒಂದಿಷ್ಟು ಅಲ್ಲೇ ಮತ್ತೆ ಕೂತುಬಿಡುತ್ತದೆ. ಒಳಗಿನವರ ನಷ್ಟದಲ್ಲಿ ಹೊರಗಿನ ಗೋಡೆ ನಿಂತಿರುವುದು ಅಂದರೂ ಸರಿಯೇ.

ಈ ಗೋಡೆ ನಿಂತಿರುವ ತನಕ ಹಿಂದಕ್ಕೆ ಬರುವ ದಾರಿ ಇದೆ. ಅದು ಕುಸಿದು ಬಿದ್ದ ದಿನ ಅದು ತೂತು. ತೂತಿನೊಳಗೆ ಪ್ಲಾಕ್ ಸೇರಿಕೊಂಡರೆ ಬ್ರಷ್ ಅಲ್ಲಿಗೆ ಹೋಗುವುದಿಲ್ಲ, ಜೊಲ್ಲೂ ಸರಿಯಾಗಿ ಹೋಗುವುದಿಲ್ಲ. ಅದಕ್ಕೇ ಬಿಳಿ ಕಲೆಯನ್ನು ಚೂಪಾದ ಸಲಾಕೆಯಿಂದ ಚುಚ್ಚಿ ನೋಡುವ ಹಳೆಯ ಅಭ್ಯಾಸದ ಮೇಲೆ ನನಗೆ ಸಿಟ್ಟು. ಮೊದಲು ಕಾಲೇಜುಗಳಲ್ಲಿ ಹಾಗೇ ಕಲಿಸುತ್ತಿದ್ದರು, ಸಲಾಕೆ ಸಿಕ್ಕಿಕೊಂಡರೆ ಹುಳುಕು ಅಂತ. ಹುಷಾರಾಗಿ ಉಳಿದಿದ್ದ ಆ ತೆಳು ಪದರವನ್ನು ನಾವೇ ಒಡೆದು ತೂತು ಮಾಡಿದಂತಾಗುತ್ತಿತ್ತು. ಈಗ ಗುಂಡು ತುದಿಯ ಸಲಾಕೆಯನ್ನು ಮೆಲ್ಲಗೆ ಮೇಲ್ಮೈ ಮೇಲೆ ಎಳೆದು ನೋಡುತ್ತೇವೆ, ಅಷ್ಟೇ.

ಹಾಗಾದರೆ ಆ ಜಾಗ ಬಿಳಿಯಾಗಿ ಕಾಣುವುದು ಯಾಕೆ? ಒಣಗಿದ ಬಿಳಿ ಪಂಚೆ ಬೆಳ್ಳಗೆ ಕಾಣುತ್ತದೆ, ಅದೇ ಪಂಚೆ ಒದ್ದೆಯಾದರೆ ಮೈ ಕಾಣುವಷ್ಟು ತೆಳು ಅನ್ನಿಸುತ್ತದೆ, ನೋಡಿದ್ದೀರಲ್ವಾ. ನೂಲಿನ ನಡುವೆ ಗಾಳಿ ಇದ್ದರೆ ಬೆಳಕು ಚದುರುತ್ತದೆ, ನೀರು ತುಂಬಿದರೆ ಚದುರುವುದು ಕಡಿಮೆ. ಹಲ್ಲಿನಲ್ಲೂ ಅದೇ. ಬೆಳಕನ್ನು ಬಗ್ಗಿಸುವ ಅಳತೆ ಎನಾಮೆಲ್‌ಗೆ 1.62, ನೀರಿಗೆ 1.33, ಗಾಳಿಗೆ 1. ಎನಾಮೆಲ್ಲಿಗೂ ಗಾಳಿಗೂ ಅಂತರ ಹೆಚ್ಚು, ಹಾಗಾಗಿ ಸಂದುಗಳಲ್ಲಿ ಗಾಳಿ ಇದ್ದಾಗ ಬೆಳಕು ಹೆಚ್ಚು ಚದುರಿ ಕಲೆ ಬೆಳ್ಳಗೆ ಎದ್ದು ಕಾಣುತ್ತದೆ. ಡಾಕ್ಟರು ಹಲ್ಲಿನ ಮೇಲೆ ಐದು ಸೆಕೆಂಡ್ ಗಾಳಿ ಊದುವುದು ಇದಕ್ಕೇ. ಒಣಗಿಸಿದ ಮೇಲೆ ಮಾತ್ರ ಕಲೆ ಕಂಡರೆ ಸಂದುಗಳು ಇನ್ನೂ ಸಣ್ಣವು, ಹಾನಿ ಹೊರಭಾಗದಲ್ಲೇ ಇದೆ. ಒದ್ದೆಯಿದ್ದಾಗಲೂ ಕಂಡರೆ ಸಾಕಷ್ಟು ಖನಿಜ ಹೋಗಿದೆ, ಆಳಕ್ಕೂ ಇಳಿದಿದೆ. ಯಾವ ಯಂತ್ರವೂ ಬೇಡ, ಗಾಳಿ ಮತ್ತು ಕಣ್ಣು ಸಾಕು.

ಮನೆಯಲ್ಲೂ ಇದನ್ನು ನೋಡಬಹುದು. ಚಿಕ್ಕ ಮಗುವಿನ ಮೇಲ್ತುಟಿ ಎತ್ತಿ, ಮುಂದಿನ ನಾಲ್ಕು ಹಲ್ಲುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ತಿರುಗಿಸಿ ನೋಡಿ. ವಸಡಿನ ಅಂಚಿಗೆ ಸಮನಾಗಿ ಸುಣ್ಣ ಬಳಿದಂಥ ಮಂಕು ಬಿಳಿ ಗೆರೆ ಕಂಡರೆ ಅದೇ. ಇದರಲ್ಲಿ ಇನ್ನೊಂದು ಗಮನಿಸಬೇಕು. ಕಲೆ ಮಂಕಾಗಿದ್ದು, ಉಗುರು ಮೆಲ್ಲಗೆ ಆಡಿಸಿದರೆ ಒರಟು ಅನ್ನಿಸಿದರೆ ಅದು ಈಗ ನಡೆಯುತ್ತಿರುವ ಹುಳುಕು. ಹೊಳಪಾಗಿದ್ದು, ನುಣುಪಾಗಿದ್ದರೆ ಹಿಂದೆ ಯಾವಾಗಲೋ ಶುರುವಾಗಿ ನಿಂತುಹೋದದ್ದು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಹುಡುಗ ಹುಡುಗಿಯರಲ್ಲಿ ಬ್ರಾಕೆಟ್ ಸುತ್ತ ಇಂಥ ಕಲೆ ನಾಲ್ಕೇ ವಾರದಲ್ಲಿ ಬರಬಹುದು. ಅಷ್ಟು ಬೇಗ.

ಬಿಳಿ ಕಲೆ ಹೇಗೆ ಹುಟ್ಟುತ್ತದೆ, ಹೇಗೆ ಹೋಗುತ್ತದೆ ಅನ್ನುವುದನ್ನು ಕಣ್ಣೆದುರೇ ನೋಡಿದ ಒಂದು ಪ್ರಯೋಗ ಇದೆ. ಸ್ಕ್ಯಾಂಡಿನೇವಿಯಾದ ಫಾನ್ ಡೆರ್ ಫೆರ್, ಲೋ ಮತ್ತು ಥೈಲಾಡೆ ಎಂಬ ಮೂವರು 1970ರಲ್ಲಿ ಇದನ್ನು ಪ್ರಕಟಿಸಿದರು. ದಂತವೈದ್ಯ ಓದುತ್ತಿದ್ದ ವಿದ್ಯಾರ್ಥಿಗಳೇ ಇದಕ್ಕೆ ಒಪ್ಪಿಕೊಂಡರು. ಅವರು 23 ದಿನ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. ಅವರಲ್ಲಿ ಒಂದು ಗುಂಪು ದಿನಕ್ಕೆ ಒಂಬತ್ತು ಸಲ 50 ಪರ್ಸೆಂಟ್ ಸಕ್ಕರೆ ನೀರಿನಲ್ಲಿ ಬಾಯಿ ಮುಕ್ಕಳಿಸಿತು. ಆ ಅರ್ಧಕ್ಕರ್ಧ ಸಕ್ಕರೆಯ ನೀರು ಪಾನಕಕ್ಕಿಂತ ಎಷ್ಟೋ ಗಟ್ಟಿ, ಯೋಚಿಸಿ. 23 ದಿನ ಆದ ಮೇಲೆ ಹಲ್ಲು ಸ್ವಚ್ಛ ಮಾಡಿ, ಒಣಗಿಸಿ, ದೊಡ್ಡದು ಮಾಡಿ ನೋಡಿದರು. ವಸಡಿನ ಅಂಚಿನಲ್ಲಿ ಬಿಳಿ ಕಲೆಗಳು ಬಂದಿದ್ದವು, ಸಕ್ಕರೆ ಗುಂಪಿನಲ್ಲಿ ಜಾಸ್ತಿ. ಮೂರು ವಾರ ಸಾಕಾಯಿತು. ಆಮೇಲೆ ಅದೇ ವಿದ್ಯಾರ್ಥಿಗಳು ಚೆನ್ನಾಗಿ ಹಲ್ಲುಜ್ಜಲು ಶುರುಮಾಡಿದರು, ಜೊತೆಗೆ ದಿನಾ 0.2 ಪರ್ಸೆಂಟ್ ಸೋಡಿಯಂ ಫ್ಲೋರೈಡ್ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಕಲೆಗಳು ಹಿಂದೆ ಸರಿದು, ಹಲ್ಲು ಪ್ರಯೋಗಕ್ಕೆ ಮುಂಚಿನ ಸ್ಥಿತಿಗೆ ಬಂತು.

ಇದನ್ನು ಓದುವಾಗ ಒಂದು ಎಚ್ಚರ ಬೇಕು. ಬ್ರಷ್ಷೂ ಫ್ಲೋರೈಡೂ ಒಟ್ಟಿಗೆ ಶುರುವಾದವು, ಯಾವುದರಿಂದ ಎಷ್ಟು ಅಂತ ಈ ಪ್ರಯೋಗ ಹೇಳುವುದಿಲ್ಲ. ಕಲೆಗಳೂ ಮೂರು ವಾರದ ಕೂಸುಗಳು, ಮೂರು ವರ್ಷ ಹಳೆಯವಲ್ಲ. ಹೀಗೆ ಬೇಕಂತಲೇ ಹಲ್ಲು ಕೆಡಿಸುವ ಪ್ರಯೋಗಕ್ಕೆ ಇವತ್ತು ಯಾವ ಎಥಿಕ್ಸ್ ಸಮಿತಿ ಒಪ್ಪಿಗೆ ಕೊಡುತ್ತದೋ, ನನಗಂತೂ ಅನುಮಾನ.

ಈಗ ಫ್ಲೋರೈಡ್ ಮಾಡುವುದೇನು ಅನ್ನುವುದಕ್ಕೆ ಬರೋಣ. ಬಹಳ ಕಾಲ ಎಲ್ಲರೂ ನಂಬಿದ್ದು ಹೀಗೆ: ಚಿಕ್ಕಂದಿನಲ್ಲಿ ಫ್ಲೋರೈಡ್ ಹೊಟ್ಟೆಗೆ ಹೋದರೆ ಅದು ಬೆಳೆಯುತ್ತಿರುವ ಹಲ್ಲಿನೊಳಗೆ ಸೇರಿ, ಹೈಡ್ರಾಕ್ಸಿಅಪಟೈಟ್ ಬದಲು ಫ್ಲೋರಪಟೈಟ್ ಆಗಿ, ಹಲ್ಲು ಜೀವನಪೂರ್ತಿ ಗಟ್ಟಿಯಾಗಿರುತ್ತದೆ. ಫ್ಲೋರಪಟೈಟ್ ಗಟ್ಟಿ ಅನ್ನುವುದು ನಿಜವೇ. ಅದು ಕರಗಲು ಪಿಎಚ್ 4.5ರ ಹತ್ತಿರ ಇಳಿಯಬೇಕು, ಅಂದರೆ ಹುಳಿ ಹತ್ತು ಪಟ್ಟು ಜಾಸ್ತಿ ಬೇಕು. ಆದರೆ ಹೀಗೆ ಒಳಗೆ ಸೇರಿದ ಫ್ಲೋರೈಡ್ ಒಂದೇ ಸಾಕೇ? ಇದನ್ನು ಪರೀಕ್ಷಿಸಲು ಓಗಾರ್ಡ್ ಮತ್ತು ಸಂಗಡಿಗರು 1988ರಲ್ಲಿ ಶಾರ್ಕ್ ಮೀನಿನ ಹಲ್ಲು ಬಳಸಿದರು. ಶಾರ್ಕ್ ಹಲ್ಲಿನ ಹೊರಪದರ ಬಹುಪಾಲು ಶುದ್ಧ ಫ್ಲೋರಪಟೈಟ್. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ಹಲ್ಲನ್ನು ನೀವು ತರಲಾರಿರಿ. ಅದರ ತುಂಡುಗಳನ್ನೂ ಮನುಷ್ಯರ ಎನಾಮೆಲ್ ತುಂಡುಗಳನ್ನೂ ತೆಗೆದು ಹಾಕಬಹುದಾದ ಪ್ಲೇಟಿಗೆ ಅಂಟಿಸಿ, ಪ್ಲಾಕ್ ಕಟ್ಟುವಂತೆ ಮಾಡಿ, ಮನುಷ್ಯರ ಬಾಯಲ್ಲೇ ಇಟ್ಟರು. ಕೆಲವು ವಾರದ ನಂತರ ನೋಡಿದರೆ ಶಾರ್ಕ್ ಹಲ್ಲೂ ಹುಳುಕಾಗತೊಡಗಿತ್ತು! ಮನುಷ್ಯರ ಹಲ್ಲಿನಷ್ಟು ಆಳಕ್ಕಲ್ಲ, ಆದರೂ ಆಗಿತ್ತು.

ನನಗೆ ಈ ಪ್ರಯೋಗ ಬಹಳ ಇಷ್ಟ, ಎಷ್ಟೋ ವರ್ಷದ ನಂಬಿಕೆಯನ್ನು ಒಂದು ಮೀನಿನ ಹಲ್ಲು ಅಲ್ಲಾಡಿಸಿತಲ್ಲ ಅಂತ. ಅದರಿಂದ ಮನವರಿಕೆಯಾದದ್ದು ಇದು: ಹರಳಿನ ಒಳಗೆ ಬಂದಿಯಾಗಿರುವ ಫ್ಲೋರೈಡಿಗಿಂತ, ಆಸಿಡ್ ಬಂದ ಆ ಗಳಿಗೆಯಲ್ಲಿ ಹರಳಿನ ಸುತ್ತಲಿನ ದ್ರವದಲ್ಲಿ ಓಡಾಡುತ್ತಿರುವ ಫ್ಲೋರೈಡ್ ಹೆಚ್ಚು ಕೆಲಸ ಮಾಡುತ್ತದೆ. ಅದೂ ತೀರಾ ಸ್ವಲ್ಪ ಸಾಕು, ಒಂದು ಪಿಪಿಎಂಗಿಂತ ಕಡಿಮೆ ಇದ್ದರೂ ಪರಿಣಾಮ ಇದೆ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ.

ಅದು ಮಾಡುವ ಕೆಲಸ ಮುಖ್ಯವಾಗಿ ಎರಡು. ಆಸಿಡ್ ಜೊತೆಗೇ ಸಂದುಗಳೊಳಗೆ ಇಳಿದು ಹರಳಿನ ಮೈಗೆ ಅಂಟಿಕೊಳ್ಳುತ್ತದೆ, ಅಂಟಿದ ಜಾಗ ಸುಲಭಕ್ಕೆ ಕರಗುವುದಿಲ್ಲ. ಆಮೇಲೆ ಪಿಎಚ್ ಏರಿದಾಗ, ಅರ್ಧ ಕರಗಿದ ಆ ಹರಳಿನ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಎಳೆದು ಕೂರಿಸುತ್ತದೆ, ರಿಪೇರಿ ಬೇಗ ಆಗುತ್ತದೆ. ಹೊಸದಾಗಿ ಕೂತ ಪದರದಲ್ಲಿ ಫ್ಲೋರೈಡೂ ಸೇರಿರುವುದರಿಂದ ಅದು ಹಳೆಯ ಹರಳಿಗಿಂತ ಆಸಿಡ್ಡಿಗೆ ಜಾಸ್ತಿ ತಡೆಯುತ್ತದೆ. ಬ್ಯಾಕ್ಟೀರಿಯಾದ ಕೆಲಸಕ್ಕೂ ಫ್ಲೋರೈಡ್ ಸ್ವಲ್ಪ ಅಡ್ಡಿ ಮಾಡುತ್ತದೆ, ಆದರೆ ಅದು ಸಣ್ಣ ಪಾಲು. ಒಂದು ಮಾತು ಮರೆಯಬಾರದು. ಕೂರಬೇಕಾದ ಖನಿಜವನ್ನು ಫ್ಲೋರೈಡ್ ತರುವುದಿಲ್ಲ, ಜೊಲ್ಲು ತರುತ್ತದೆ. ಕೆಲವು ಮಾತ್ರೆಗಳಿಂದಲೋ, ಕತ್ತಿನ ಭಾಗಕ್ಕೆ ರೇಡಿಯೇಷನ್ ಕೊಟ್ಟಿದ್ದರಿಂದಲೋ ಬಾಯಿ ಒಣಗಿದವರಿಗೆ ಬರೀ ಪೇಸ್ಟ್ ಸಾಲದೆ ಹೋಗುವುದು ಇದೇ ಕಾರಣಕ್ಕೆ.

ಹಾಗಾದರೆ ದಿನಕ್ಕೆ ಎರಡೇ ಸಲ ಉಜ್ಜಿದ ಪೇಸ್ಟಿನ ಫ್ಲೋರೈಡ್ ಮಧ್ಯಾಹ್ನದ ಟೀ ಹೊತ್ತಿಗೆ ಉಳಿದಿರುತ್ತದೆಯೇ? ಸಭೆಯಲ್ಲಿ ಒಬ್ಬರು ಕೇಳಿದರು, ಒಳ್ಳೆಯ ಪ್ರಶ್ನೆ. ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಇರುತ್ತದೆ. ಅಷ್ಟು ಗಟ್ಟಿಯಿದ್ದಾಗ ಅದು ಬಾಯಿಯ ಕ್ಯಾಲ್ಸಿಯಂ ಜೊತೆ ಸೇರಿ, ಹಲ್ಲಿನ ಮೇಲೂ ಪ್ಲಾಕ್ ಒಳಗೂ ಕ್ಯಾಲ್ಸಿಯಂ ಫ್ಲೋರೈಡಿನಂಥ ಸಣ್ಣ ಸಣ್ಣ ಕಣಗಳಾಗಿ ಉಳಿಯಬಲ್ಲದು. ಪಿಎಚ್ ಇಳಿದಾಗ ಆ ಕಣಗಳು ಕರಗಿ ಫ್ಲೋರೈಡ್ ಬಿಡುತ್ತವೆ. ಬೇಕಾದ ಹೊತ್ತಿಗೇ ಬಿಡುತ್ತವೆ ಅನ್ನುವುದು ಇದರ ಚಂದ. ಆದರೆ ಈ ದಾಸ್ತಾನು ತೀರುತ್ತಾ ಹೋಗುತ್ತದೆ, ಅದಕ್ಕೇ ದಿನಾ ಬೆಳಗ್ಗೆ ರಾತ್ರಿ ತುಂಬಬೇಕು. ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಏನೋ ಬಳಿಸಿಕೊಂಡು ಬಂದರೆ ಮುಗಿಯಿತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪೇಸ್ಟಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ದೇಶದಲ್ಲಿ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದು ಅಂತ ನಿಯಮ ಇದೆ, ಎಷ್ಟಿದೆ ಅಂತ ಟ್ಯೂಬಿನ ಮೇಲೆ ಬರೆಯಬೇಕು. ಯುರೋಪಿನಲ್ಲಿ 1450ರ ಪೇಸ್ಟ್ ಮಾಮೂಲು. ಟ್ಯೂಬ್ ತಿರುಗಿಸಿ ಓದಿ, ಸಾಮಾನ್ಯವಾಗಿ ಸೋಡಿಯಂ ಮೊನೊಫ್ಲೋರೊಫಾಸ್ಫೇಟ್ ಅಂತಲೋ ಸೋಡಿಯಂ ಫ್ಲೋರೈಡ್ ಅಂತಲೋ ಇರುತ್ತದೆ. ಫ್ಲೋರೈಡಿನ ಹೆಸರೇ ಇಲ್ಲದಿದ್ದರೆ, ಲವಂಗ ಬೇವು ಎಷ್ಟೇ ಇರಲಿ, ನಾನು ಇವತ್ತು ಹೇಳುತ್ತಿರುವ ಕೆಲಸ ಆ ಪೇಸ್ಟಿನಿಂದ ಆಗುವುದಿಲ್ಲ. ಎರಡು ಹೆಸರು ಯಾಕೆ? ಬಿಳಿ ಪೇಸ್ಟುಗಳಲ್ಲಿ ಉಜ್ಜುವ ಪುಡಿ ಅಂತ ಬಹಳ ಸಲ ಸೀಮೆಸುಣ್ಣದಂಥ ಕ್ಯಾಲ್ಸಿಯಂ ಕಾರ್ಬೋನೇಟ್ ಹಾಕುತ್ತಾರೆ. ಅದರಲ್ಲಿ ಸಾದಾ ಸೋಡಿಯಂ ಫ್ಲೋರೈಡ್ ಹಾಕಿದರೆ ಟ್ಯೂಬಿನೊಳಗೇ ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡುಬಿಡುತ್ತದೆ, ಬಾಯಿಗೆ ಬರುವ ಹೊತ್ತಿಗೆ ಕೆಲಸಕ್ಕೆ ಬಾರದು. ಮೊನೊಫ್ಲೋರೊಫಾಸ್ಫೇಟ್‌ನಲ್ಲಿ ಫ್ಲೋರೈಡ್ ಫಾಸ್ಫೇಟಿಗೆ ಕಟ್ಟಿಹಾಕಿಕೊಂಡಿರುತ್ತದೆ. ಬಾಯಲ್ಲಿರುವ ಕಿಣ್ವ ಆ ಗಂಟು ಬಿಚ್ಚುತ್ತದೆ. ಹಳೆಯ ಟ್ಯೂಬಿನಲ್ಲಿ ಈ ಗಂಟೂ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ಫ್ಲೋರೈಡ್ ಸೋರಿಹೋಗುತ್ತದೆ, ಹಾಗಾಗಿ ತಾರೀಖು ನೋಡಿ ತಗೊಳ್ಳಿ.

ಉಜ್ಜಿದ ಮೇಲೆ ನಾವೆಲ್ಲಾ ಏನು ಮಾಡುತ್ತೇವೆ? ಚೊಂಬುಗಟ್ಟಲೆ ನೀರು ಹಾಕಿ ಬಾಯಿ ಮುಕ್ಕಳಿಸುತ್ತೇವೆ. ಅಷ್ಟು ಹೊತ್ತು ಕಷ್ಟಪಟ್ಟು ಹಾಕಿದ ಫ್ಲೋರೈಡ್ ಸಿಂಕಿಗೆ ಹೋಯಿತು. ನೊರೆ ಚೆನ್ನಾಗಿ ಉಗಿಯಿರಿ, ಹಾಗೇ ಬಿಡಿ. ಆಗುವುದೇ ಇಲ್ಲ ಅನ್ನಿಸಿದರೆ ಒಂದೇ ಒಂದು ಸಣ್ಣ ಗುಟುಕು ನೀರು ಸಾಕು. ಮೊದಲ ಕೆಲವು ದಿನ ಬಾಯಿ ಅಂಟಂಟು ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ರಾತ್ರಿ ಉಜ್ಜುವುದು ಬೆಳಗಿನದಕ್ಕಿಂತ ಮುಖ್ಯ ಅಂತ ನಾನು ಹೇಳುವುದು ಜೊಲ್ಲಿನ ಕಾರಣಕ್ಕೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಬಿಟ್ಟುಹೋದ ಫ್ಲೋರೈಡನ್ನು ತೊಳೆದುಕೊಂಡು ಹೋಗುವುದೂ ನಿಧಾನ.

ಇಲ್ಲಿ ಪಾವಗಡದ ಕಡೆಯವರೊಬ್ಬರು ಎದ್ದು ನಿಂತರು. "ನಮ್ಮೂರಲ್ಲಿ ನೀರಿನ ಫ್ಲೋರೈಡಿನಿಂದಲೇ ಹಲ್ಲು ಹಾಳಾಗಿದೆ, ನೀವು ನೋಡಿದರೆ ಫ್ಲೋರೈಡ್ ಹಚ್ಚಿ ಅಂತೀರಲ್ಲ ಸಾರ್?" ಅವರು ಕೇಳಿದ್ದು ಸರಿ, ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಕೊಡಬೇಕು.

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಬೋರ್‌ವೆಲ್ ನೀರಿನಲ್ಲಿ ಕಲ್ಲಿನಿಂದ ಕರಗಿ ಬಂದ ಫ್ಲೋರೈಡ್ ಇರುತ್ತದೆ. ಕುಡಿಯುವ ನೀರಿಗೆ ನಮ್ಮ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಒಂದು ಬೋರ್‌ವೆಲ್‌ನಲ್ಲಿ 3 ಮಿಲಿಗ್ರಾಂ ಇದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ ಎರಡು ಲೀಟರ್ ಕುಡಿದರೆ 6 ಮಿಲಿಗ್ರಾಂ ಹೊಟ್ಟೆಗೆ ಹೋಯಿತು, ಪ್ರತಿದಿನ, ವರ್ಷಗಟ್ಟಲೆ. ಅಡುಗೆಯ ನೀರು ಬೇರೆ. ಅದು ರಕ್ತದ ಮೂಲಕ ದವಡೆಯೊಳಗೆ ಇನ್ನೂ ಕಟ್ಟಿಕೊಳ್ಳುತ್ತಿರುವ ಹಲ್ಲಿಗೆ ತಲುಪಿ, ಎನಾಮೆಲ್ ಸರಿಯಾಗಿ ಗಟ್ಟಿಯಾಗದಂತೆ ಮಾಡುತ್ತದೆ. ಇದಕ್ಕೇ ಫ್ಲೋರೋಸಿಸ್ ಅಂತಾರೆ, ಇದು ಆಗುವುದು ಹೆಚ್ಚೂ ಕಡಿಮೆ ಎಂಟು ವರ್ಷದ ಒಳಗೆ. ಹಲ್ಲು ಹೊರಗೆ ಬಂದ ಮೇಲೆ ಪೇಸ್ಟ್ ಹಚ್ಚಿದ್ದರಿಂದ ಆ ಹಲ್ಲಿಗೆ ಫ್ಲೋರೋಸಿಸ್ ಬರುವುದಿಲ್ಲ. ಆದರೆ ಚಿಕ್ಕ ಮಗು ಪೇಸ್ಟ್ ನುಂಗಿದರೆ ಅದು ಒಳಗಿರುವ ಹಲ್ಲುಗಳ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಅಳತೆ ಮುಖ್ಯ. ಮೂರು ವರ್ಷದೊಳಗೆ ಒಂದು ಅಕ್ಕಿ ಕಾಳಿನಷ್ಟು ಪೇಸ್ಟ್, ಅಂದರೆ ಪೂರ್ತಿ ನುಂಗಿದರೂ 0.1 ಮಿಲಿಗ್ರಾಂ ಫ್ಲೋರೈಡ್. ಮೂರರಿಂದ ಆರರ ತನಕ ಬಟಾಣಿಯಷ್ಟು, 0.25 ಮಿಲಿಗ್ರಾಂ. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಹಾಕುತ್ತಾರಲ್ಲ, ಅದು ಒಂದು ಗ್ರಾಂ ಇದ್ದರೆ ಒಂದು ಮಿಲಿಗ್ರಾಂ ಫ್ಲೋರೈಡ್. ನನ್ನ ಅಭಿಪ್ರಾಯ ಕೇಳಿದರೆ, ಅಂಥ ಊರುಗಳಲ್ಲಿ ಮೊದಲು ಸರಿಪಡಿಸಬೇಕಾದದ್ದು ಕುಡಿಯುವ ನೀರು ಮತ್ತು ಅಡುಗೆ ನೀರು. ಉಗಿಯಲು ಬರುವ ದೊಡ್ಡ ಮಕ್ಕಳು, ದೊಡ್ಡವರು ಪೇಸ್ಟ್ ಬಿಡಬೇಕಾಗಿಲ್ಲ. ತೀರಾ ಚಿಕ್ಕ ಮಕ್ಕಳದ್ದನ್ನು ಅಲ್ಲಿನ ನೀರು ಗೊತ್ತಿರುವ ಡಾಕ್ಟರ ಹತ್ತಿರ ಕೇಳಿಯೇ ತೀರ್ಮಾನಿಸಿ.

ಎರಡೂ ಬಿಳಿ ಕಲೆಗಳೇ ಆದ್ದರಿಂದ ಗೊಂದಲ ಆಗುತ್ತದೆ. ಫ್ಲೋರೋಸಿಸ್ ಕಲೆ ಹಲ್ಲು ಬರುವಾಗಲೇ ಇರುತ್ತದೆ, ಎಡ ಬಲ ಜೋಡಿಯಾಗಿ ಒಂದೇ ಥರ ಇರುತ್ತದೆ, ಅಡ್ಡಡ್ಡ ತೆಳು ಗೆರೆಗಳಾಗಿ ಇಡೀ ಹಲ್ಲಿಗೆ ಹರಡಿರುತ್ತದೆ. ಹುಳುಕಿನ ಬಿಳಿ ಕಲೆ ಆಮೇಲೆ ಬರುತ್ತದೆ, ಪ್ಲಾಕ್ ನಿಲ್ಲುವ ಕಡೆ ಮಾತ್ರ ಬರುತ್ತದೆ: ವಸಡಿನ ಅಂಚು, ಕ್ಲಿಪ್ಪಿನ ಸುತ್ತ, ಎರಡು ಹಲ್ಲಿನ ಸಂದಿ.

ಎಲ್ಲಾ ಕಲೆಗಳೂ ವಾಪಸ್ ಹೋಗುತ್ತವೆಯೇ ಅಂದರೆ, ಇಲ್ಲ. ಬಾಕರ್ ಡಿರ್ಕ್ಸ್ ಎಂಬ ಡಚ್ ದಂತವೈದ್ಯರು ಒಂದೇ ಮಕ್ಕಳ ಗುಂಪನ್ನು ಎಂಟನೇ ವಯಸ್ಸಿನಿಂದ ಹದಿನೈದರ ತನಕ ನೋಡುತ್ತಾ ಬಂದು 1966ರಲ್ಲಿ ಬರೆದರು. ಎಂಟು ವರ್ಷದಲ್ಲಿ ಮೊದಲ ದೊಡ್ಡ ದವಡೆ ಹಲ್ಲುಗಳ ಕೆನ್ನೆಯ ಕಡೆ 72 ಬಿಳಿ ಕಲೆಗಳಿದ್ದವು. ಹದಿನೈದನೇ ವಯಸ್ಸಿಗೆ 37 ಕಾಣೆಯಾಗಿದ್ದವು, 26 ಹಾಗೇ ಇದ್ದವು, 9 ಮಾತ್ರ ತೂತಾಗಿದ್ದವು. ಅರ್ಧಕ್ಕಿಂತ ಜಾಸ್ತಿ ಯಾರೂ ಡ್ರಿಲ್ ಮುಟ್ಟಿಸದೆ ಹೋದವು! ಇದರಲ್ಲಿ ಹಲ್ಲು ಇನ್ನಷ್ಟು ಹೊರಗೆ ಬಂದದ್ದರ ಪಾಲೂ ಇದೆ. ಎಂಟನೇ ವಯಸ್ಸಿನಲ್ಲಿ ವಸಡಿನ ಅಂಚಿನಲ್ಲಿದ್ದ ಕಲೆ, ಹಲ್ಲು ಮೇಲೆದ್ದ ಮೇಲೆ ಬ್ರಷ್ ಮತ್ತು ನಾಲಿಗೆ ಸಲೀಸಾಗಿ ತಾಗುವ ಜಾಗಕ್ಕೆ ಬಂತು, ಪ್ಲಾಕ್ ಅಲ್ಲಿ ನಿಲ್ಲಲಿಲ್ಲ. ಕೆಲವು ಕಡೆ ಒರಟಾದ ಮೇಲ್ಮೈ ಉಜ್ಜಿ ಉಜ್ಜಿ ನುಣುಪಾದದ್ದೂ ಇರಬಹುದು.

ಇನ್ನೊಂದು ಮಿತಿ ಇದೆ. ರಿಪೇರಿ ಹೊರಗಿನಿಂದ ಶುರುವಾಗುತ್ತದೆ. ಮೇಲ್ಪದರ ಬೇಗ ಮುಚ್ಚಿಕೊಂಡುಬಿಟ್ಟರೆ ಖನಿಜ ಆಳಕ್ಕೆ ಇಳಿಯಲು ದಾರಿ ಸಿಗುವುದಿಲ್ಲ, ಒಳಗಿನ ಪೊಳ್ಳು ಅರ್ಧಂಬರ್ಧ ಹಾಗೇ ಉಳಿಯುತ್ತದೆ. ಆಗ ಹುಳುಕು ನಿಂತಿದೆ, ಆದರೆ ಕಲೆ ಕಾಣುತ್ತಲೇ ಇರುತ್ತದೆ. ಕೆಲವು ಸಲ ಕಾಫಿ ಟೀ ಬಣ್ಣ ಹೀರಿಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಮುಂದಿನ ಹಲ್ಲಿನಲ್ಲಿದ್ದರೆ ನೋಡಲು ಬೇಜಾರು, ಒಪ್ಪುತ್ತೇನೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಆದರೆ ಅದು ಹೊಳಪಾಗಿ, ಗಟ್ಟಿಯಾಗಿ, ನುಣುಪಾಗಿ ಇದ್ದರೆ ಕಾಯಿಲೆಯಲ್ಲ.

ನಾನು ಬಿಳಿ ಕಲೆ ಕಂಡವರಿಗೆ ಸಾಮಾನ್ಯವಾಗಿ ಮಾಡುವುದು ಇಷ್ಟು. ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ. 5 ಪರ್ಸೆಂಟಿನ ಸೋಡಿಯಂ ಫ್ಲೋರೈಡ್ ವಾರ್ನಿಷ್ ತೆಳ್ಳಗೆ ಬಳಿಯುತ್ತೇನೆ, ಅದರಲ್ಲಿ ಫ್ಲೋರೈಡ್ 22,600 ಪಿಪಿಎಂ ಇರುತ್ತದೆ, ಹಲ್ಲಿಗೆ ಗಂಟೆಗಟ್ಟಲೆ ಅಂಟಿಕೊಂಡಿರುತ್ತದೆ. ಆವತ್ತು ಗಟ್ಟಿ ಪದಾರ್ಥ, ತೀರಾ ಬಿಸಿಯದ್ದು ಬೇಡ ಅನ್ನುತ್ತೇನೆ. ಮನೆಯ ಪೇಸ್ಟ್ ಯಾವುದು, ರಾತ್ರಿ ಉಜ್ಜುತ್ತಾರೋ ಇಲ್ಲವೋ, ದಿನಕ್ಕೆ ಎಷ್ಟು ಸಲ ಸಿಹಿ ಬಾಯಿಗೆ ಹೋಗುತ್ತದೆ ಅಂತ ಕೇಳುತ್ತೇನೆ. ಮೂರು ತಿಂಗಳಿಗೆ ಮತ್ತೆ ಕರೆದು, ಐದು ಸೆಕೆಂಡ್ ಗಾಳಿ ಊದಿ, ಹಳೆಯ ಫೋಟೊ ಪಕ್ಕ ಇಟ್ಟು ನೋಡುತ್ತೇನೆ. ಮಂಕಾಗಿದ್ದದ್ದು ಹೊಳಪಾಗಿದ್ದರೆ, ಅಂಚು ಚಿಕ್ಕದಾಗಿದ್ದರೆ ಹಾಗೇ ಮುಂದುವರಿಸಿ ಅನ್ನುತ್ತೇನೆ. ಇನ್ನೂ ಸುಣ್ಣದ ಥರ ಒರಟಾಗಿಯೇ ಇದ್ದರೆ ಮತ್ತೆ ವಾರ್ನಿಷ್ ಬಳಿದು, ಮೊದಲಿನ ಪ್ರಶ್ನೆಗಳನ್ನೇ ಮತ್ತೆ ಕೇಳುತ್ತೇನೆ. ಬಹಳ ಸಲ ಉತ್ತರ ಎರಡನೇ ಸಲಕ್ಕೆ ಬರುತ್ತದೆ: "ಮಲಗುವಾಗ ಮಾತ್ರ ಒಂದು ಬಾಟಲಿ ಹಾಲು ಕೊಡ್ತೀವಿ ಡಾಕ್ಟ್ರೇ, ಅದಿಲ್ಲದೆ ಮಲಗಲ್ಲ." ಆಗ ವಾರ್ನಿಷ್ ಡಬ್ಬಿ ಪಕ್ಕಕ್ಕಿಟ್ಟು ಮೊದಲು ಆ ಬಾಟಲಿಯ ಮಾತು ಎತ್ತುತ್ತೇನೆ. ಬಾಟಲಿಯ ಹಾಲನ್ನು ದಿನ ದಿನ ಕಡಿಮೆ ಮಾಡುತ್ತಾ ಬರೀ ನೀರಿಗೆ ತರುವುದಕ್ಕೆ ಒಂದೆರಡು ವಾರ ಹಿಡಿಯುತ್ತದೆ, ಮನೆಯವರಿಗೆ ನಿದ್ದೆಯೂ ಕೆಡುತ್ತದೆ.